ಹಟ ಹಿಡಿಯುವ ಮಗುವಿನ ಮನೆಯಲ್ಲಿ ಎಂಟು ವಾರ: ಪಾಲಕರ ತರಬೇತಿಯಲ್ಲಿ ಯಾವ ವಾರ ಏನು ಮಾಡಬೇಕು

ಡೊಂಬಿವಲಿ, ಠಾಣೆ, ಚಿಂಚವಡ ಕಡೆಯ ಕನ್ನಡ ಮನೆಗಳಿಂದ ನನಗೆ ಬರುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬದಲಾಗುವುದೇ ಇಲ್ಲ. "ನಾಲ್ಕು ವರ್ಷದ ಮಗು ಹೇಳಿದ ಒಂದು ಮಾತನ್ನೂ ಕೇಳುವುದಿಲ್ಲ, ಯಾರೋ ಹೇಳಿದರೆಂದು ಟೈಮ್ ಔಟ್ ಮಾಡಿ ನೋಡಿದೆವು, ಹಟ ಇನ್ನೂ ಹೆಚ್ಚಾಯಿತು. ಈಗೇನು ಮಾಡಬೇಕು?" ಈ ಪ್ರಶ್ನೆಗೆ ನನ್ನ ಉತ್ತರವೂ ಬದಲಾಗುವುದಿಲ್ಲ. ಟೈಮ್ ಔಟ್, ಅಂದರೆ ಮಾತು ಕೇಳದ ಮಗುವನ್ನು ಯಾರೂ ಮಾತನಾಡಿಸದೆ ಸ್ವಲ್ಪ ಹೊತ್ತು ಒಂದೆಡೆ ಕುರ್ಚಿಯ ಮೇಲೆ ಕೂರಿಸುವುದು, ಪಾಲಕರ ತರಬೇತಿಯ ಐದನೆಯ ವಾರದ ಪಾಠ; ಅದನ್ನು ಮೊದಲ ದಿನವೇ ಕೈಗೆತ್ತಿಕೊಂಡರೆ ಅದು ಕೆಲಸ ಮಾಡದಿರಲು ಸಾಕಷ್ಟು ಕಾರಣಗಳಿವೆ. ಆದ್ದರಿಂದ ಎಂಟು ವಾರಗಳ ಕ್ರಮವನ್ನು ಇಲ್ಲಿ ವಿವರಿಸುತ್ತೇನೆ.

ಈ ಕ್ರಮ ನನ್ನದಲ್ಲ. ಅಮೆರಿಕದ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಕಾನ್‌ಸ್ಟೆನ್ಸ್ ಹ್ಯಾನ್ಫ್ ಎಂಬ ಮನೋವಿಜ್ಞಾನಿ 1960ರ ದಶಕದ ಕೊನೆಯಲ್ಲಿ ಎರಡು ಹಂತಗಳ ತರಬೇತಿಯೊಂದನ್ನು ರೂಪಿಸಿದರು: ಮೊದಲ ಹಂತದಲ್ಲಿ ಆಟದಲ್ಲಿ ಮಗು ಮುಂದೆ, ತಾಯಿ ಹಿಂದೆ, ಎರಡನೆಯ ಹಂತದಲ್ಲಿ ತಾಯಿ ಆಜ್ಞೆ ಕೊಡುವುದನ್ನು ಮತ್ತು ಅದನ್ನು ನಡೆಸಿಕೊಳ್ಳುವುದನ್ನು ಕಲಿಯುತ್ತಾಳೆ. ಶೀಲಾ ಐಬರ್ಗ್, ರೆಕ್ಸ್ ಫೋರ್‌ಹ್ಯಾಂಡ್ ಮುಂತಾದವರು ನಂತರ ಬೆಳೆಸಿದ ಪದ್ಧತಿಗಳೆಲ್ಲ ಈ ಎರಡು ಹಂತಗಳನ್ನೇ ಉಳಿಸಿಕೊಂಡಿವೆ. ನಾನು ಮುಂಬಯಿಯ ಮನೆಗಳಿಗಾಗಿ ಅದನ್ನು ಎಂಟು ವಾರಗಳಲ್ಲಿ ಹಂಚಿಕೊಂಡಿದ್ದೇನೆ, ಅಷ್ಟೆ.

ಆರಂಭಿಸುವ ಮುನ್ನ ನೋಡಿಕೊಳ್ಳಬೇಕಾದದ್ದು

ಈ ಕ್ರಮ ಸುಮಾರು ಮೂರರಿಂದ ಏಳು ವರ್ಷದ ಮಕ್ಕಳಿಗೆ ಹೊಂದುತ್ತದೆ. ಆ ವಯಸ್ಸಿನಲ್ಲಿ ಹಟ ಸಹಜವೇ. ವೈದ್ಯರು ಅದನ್ನು 'ವಿರೋಧಿ ವರ್ತನೆಯ ತೊಂದರೆ' ಎಂದು ಕರೆಯಬೇಕಾದರೆ ಸಿಟ್ಟು, ವಾದ, ಮಾತು ಮೀರುವುದು, ಬೇಕೆಂದೇ ಕಾಡುವುದು, ತನ್ನ ತಪ್ಪನ್ನು ಇನ್ನೊಬ್ಬರ ಮೇಲೆ ಹಾಕುವುದು, ಸೇಡು ತೀರಿಸಿಕೊಳ್ಳುವುದು ಮುಂತಾದ ಎಂಟು ಲಕ್ಷಣಗಳ ಪಟ್ಟಿಯಲ್ಲಿ ಕನಿಷ್ಠ ನಾಲ್ಕು ಆರು ತಿಂಗಳಿಂದ ಇರಬೇಕು. ಐದು ವರ್ಷದೊಳಗಿನ ಮಗುವಿನಲ್ಲಿ ಅವು ಹೆಚ್ಚುಕಡಿಮೆ ದಿನವೂ ಕಾಣಬೇಕು. ಒಡಹುಟ್ಟಿದವರೊಂದಿಗೆ ಮಾತ್ರ ನಡೆಯುವ ಜಗಳ ಲೆಕ್ಕಕ್ಕೆ ಬರುವುದಿಲ್ಲ. ಆದರೆ ತರಬೇತಿಯನ್ನು ಆರಂಭಿಸಲು ಆ ಹೆಸರಿಗಾಗಿ ಕಾಯಬೇಕಾಗಿಲ್ಲ.

ಕಾಯಬೇಕಾದದ್ದು ಬೇರೆ ಎರಡು ವಿಷಯಗಳಿಗಾಗಿ. ಮೊದಲನೆಯದು ಕಿವಿ. ಪದೇ ಪದೇ ಶೀತವಾಗಿ ಕಿವಿಯೊಳಗೆ ನೀರು ತುಂಬಿಕೊಂಡ ಮಗು ಕೇಳದಿರುವುದನ್ನು ಮನೆಯವರು ಹಟವೆಂದು ತಿಳಿಯುವುದುಂಟು. ಎರಡನೆಯದು ಭಾಷೆ. ಇಲ್ಲಿನ ನಮ್ಮ ಮಕ್ಕಳು ಅಜ್ಜಿಯಿಂದ ಕನ್ನಡ, ಕೆಲಸದ ಬಾಯಿಯಿಂದ ಮರಾಠಿ, ಕಟ್ಟಡದ ಮಕ್ಕಳಿಂದ ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಕೇಳುತ್ತಾರೆ. ಇದರಿಂದ ಹಾನಿಯಿಲ್ಲ, ಆದರೆ ನೀವು ಆಜ್ಞೆ ಕೊಡುವ ಭಾಷೆ ಮಗುವಿಗೆ ನಿಜವಾಗಿ ತಿಳಿಯುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಬೇಕು. ಪರೀಕ್ಷೆ ಸುಲಭ: ಮಗುವಿಗೆ ಇಷ್ಟವಾದ ಕೆಲಸವನ್ನೇ ಅದೇ ಭಾಷೆಯಲ್ಲಿ, ಕೈಸನ್ನೆ ಮಾಡದೆ ಹೇಳಿ. "ಕಪಾಟಿನ ಕೆಳಗಿನ ಡಬ್ಬಿಯಿಂದ ಬಿಸ್ಕತ್ತು ತೆಗೆದುಕೊಂಡು ಬಾ" ಎಂದಾಗ ಮಗು ಹೋಗಿ ತಂದರೆ ಅದಕ್ಕೆ ಮಾತು ತಿಳಿಯುತ್ತದೆ, ಮನಸ್ಸಿಲ್ಲ ಅಷ್ಟೆ. ಬಿಸ್ಕತ್ತಿಗೂ ಸುಮ್ಮನೆ ನಿಂತು ನಿಮ್ಮ ಮುಖ ನೋಡಿದರೆ ಮೊದಲು ಕಿವಿ ಮತ್ತು ಮಾತಿನ ತಪಾಸಣೆಯಾಗಲಿ.

ಬೇಕಾದ ಸಾಮಾನು ಹೆಚ್ಚಿಲ್ಲ: ಒಂದು ನೋಟ್‌ಬುಕ್, ಅಡುಗೆಮನೆಯ ಟೈಮರು, ಗಟ್ಟಿಯಾದ ಒಂದು ಕುರ್ಚಿ. ಇವುಗಳಿಗಿಂತ ಕಷ್ಟದ ಅಗತ್ಯವೆಂದರೆ ಮಗುವಿಗೆ ಆಜ್ಞೆ ಕೊಡುವ ಎಲ್ಲ ಹಿರಿಯರೂ ಪ್ರತಿ ವಾರ ಅರ್ಧ ಗಂಟೆ ಒಟ್ಟಿಗೆ ಕೂರುವುದು. ಅಜ್ಜಿಯನ್ನು ಬಿಟ್ಟು ತಂದೆತಾಯಿ ಮಾತ್ರ ಕಲಿತ ತರಬೇತಿ ನಮ್ಮ ಮನೆಗಳಲ್ಲಿ ಉಳಿಯುವುದಿಲ್ಲ, ಏಕೆಂದರೆ ಹಗಲಿಡೀ ಮಗುವಿನೊಂದಿಗೆ ಇರುವವರು ಅವರೇ.

1ನೆಯ ವಾರ: ತಿದ್ದಬೇಡಿ, ಬರೆದುಕೊಳ್ಳಿ

ಈ ವಾರ ಏನನ್ನೂ ಬದಲಾಯಿಸಬಾರದು. ದಿನಕ್ಕೆ ಒಂದು ಜಗಳವನ್ನು ಮಾತ್ರ ಆರಿಸಿ ಮೂರು ಸಾಲು ಬರೆಯಿರಿ: ಅದಕ್ಕೆ ಮುಂಚೆ ಏನಾಯಿತು, ಮಗು ಏನು ಮಾಡಿತು, ಅದಾದ ಕೂಡಲೇ ಮಗುವಿಗೆ ಏನು ಸಿಕ್ಕಿತು. ಮೂರನೆಯ ಸಾಲೇ ಮುಖ್ಯ, ಮತ್ತು ಬಹಳ ಜನ ಬರೆಯದೆ ಬಿಡುವುದೂ ಅದನ್ನೇ.

ಒಂದು ಮನೆಯನ್ನು ಉದಾಹರಣೆಯಾಗಿ ಕೊನೆಯವರೆಗೂ ನೋಡೋಣ. ಗುರುತು ಸಿಗದಂತೆ ಹಲವು ಮನೆಗಳ ಸಂಗತಿಗಳನ್ನು ಕೂಡಿಸಿದ್ದೇನೆ. ಡೊಂಬಿವಲಿಯಲ್ಲಿ ಒಂದು ಮಲಗುವ ಕೋಣೆ, ಒಂದು ಹಾಲ್, ಅಡುಗೆಮನೆಯ ಫ್ಲ್ಯಾಟು. ನಾಲ್ಕೂವರೆ ವರ್ಷದ ಹುಡುಗ, ಚಿನ್ನು ಎನ್ನೋಣ. ತಾಯಿ ಕಚೇರಿಯಿಂದ ಏಳು ಗಂಟೆಗೆ ಬರುತ್ತಾಳೆ, ತಂದೆಯ ಲೋಕಲ್ ತಲುಪುವಾಗ ಒಂಬತ್ತು. ಧಾರವಾಡದ ಕಡೆಯ ಅಜ್ಜಿ ಜೊತೆಗಿದ್ದಾರೆ. ಜಗಳ ದಿನವೂ ಎಂಟು ಗಂಟೆಗೆ, ಫೋನು ಬಿಟ್ಟು ಊಟಕ್ಕೆ ಬರುವ ವಿಷಯಕ್ಕೆ. ತಾಯಿಯ ನೋಟ್‌ಬುಕ್ಕಿನ ಒಂದು ಪುಟ ಹೀಗಿತ್ತು:

ಮುಂಚೆ: ಅಡುಗೆಮನೆಯಿಂದ ಕರೆದೆ. ಒಟ್ಟು ಹನ್ನೊಂದು ಸಲ. ಮೊದಲು ಕನ್ನಡ, ಆಮೇಲೆ ಹಿಂದಿ, ಸಿಟ್ಟು ಬಂದಾಗ ಇಂಗ್ಲಿಷ್.
ಮಗು: "ನಕೋ" ಎಂದ. ಫೋನು ಕಸಿದುಕೊಂಡೆ. ನೆಲದ ಮೇಲೆ ಬಿದ್ದು ಒದೆಯುತ್ತ ಕಿರುಚಿದ, ನನ್ನ ಕೈ ಕಚ್ಚಿದ.
ಆಮೇಲೆ: ಅತ್ತೆ "ಉಣ್ಣಲಿ ತಡೀವಾ, ಫೋನ್ ಕೊಟ್ಟ ಬಿಡು" ಎಂದರು. ಕೊಟ್ಟೆ. ಅತ್ತೆ ತುತ್ತು ಹಾಕಿದರು, ಪೂರ್ತಿ ಉಂಡ.

ಈ ಪುಟದಲ್ಲಿ ಇಬ್ಬರಿಗೆ ಬಹುಮಾನ ಸಿಕ್ಕಿದೆ. ಕಿರುಚಿದ್ದಕ್ಕೆ ಚಿನ್ನುವಿಗೆ ಫೋನು, ಬಿಟ್ಟುಕೊಟ್ಟದ್ದಕ್ಕೆ ದೊಡ್ಡವರಿಗೆ ನಿಶ್ಶಬ್ದ. ಕಾಟ ನಿಲ್ಲುವುದೂ ಒಂದು ಬಹುಮಾನವೇ, ಮತ್ತು ಅದು ದೊಡ್ಡವರ ನಡತೆಯನ್ನು ಮಗುವಿನ ನಡತೆಯಷ್ಟೇ ಗಟ್ಟಿಯಾಗಿ ರೂಪಿಸುತ್ತದೆ. ಒರೆಗಾನಿನಲ್ಲೇ ಸಂಶೋಧನೆ ನಡೆಸಿದ ಜೆರಾಲ್ಡ್ ಪ್ಯಾಟರ್ಸನ್ ಇದನ್ನು 'ಬಲವಂತದ ಸುಳಿ' ಎಂಬ ಅರ್ಥದ ಹೆಸರಿನಿಂದ ವಿವರಿಸಿದರು: ಒಬ್ಬರು ದನಿ ಏರಿಸಿದಂತೆ ಇನ್ನೊಬ್ಬರೂ ಏರಿಸುತ್ತಾರೆ, ಹೆಚ್ಚು ಏರಿಸಿದವರು ಗೆಲ್ಲುತ್ತಾರೆ, ಮರುದಿನ ಆಟ ಆ ಎತ್ತರದಿಂದಲೇ ಆರಂಭವಾಗುತ್ತದೆ. ಹನ್ನೊಂದು ಸಲ ಕರೆಯುವುದರಿಂದ ಆದ ಪರಿಣಾಮವೂ ಅಲ್ಲೇ ಇದೆ. ಮೊದಲ ಹತ್ತು ಕರೆಗಳಿಗೆ ಅರ್ಥವಿಲ್ಲವೆಂದು ಚಿನ್ನು ಕಲಿತಿದ್ದಾನೆ. ಅವನ ಲೆಕ್ಕ ತಪ್ಪೇನಲ್ಲ.

2ನೆಯ ವಾರ: ದಿನಕ್ಕೆ ಐದು ನಿಮಿಷದ ಆಟ

ಇದನ್ನು ಓದಿದ ಕೂಡಲೇ "ನಮಗೆ ಶಿಸ್ತು ಬೇಕು, ಆಟ ಯಾಕೆ?" ಎಂದು ಕೇಳುವವರೇ ಹೆಚ್ಚು. ಕಾರಣ ಇಷ್ಟೇ: ಮುಂದೆ ಬರುವ ಟೈಮ್ ಔಟ್ ಎಂದರೆ ಹಿತವಾದ ಗಮನವನ್ನು ಸ್ವಲ್ಪ ಹೊತ್ತು ಹಿಂದೆಗೆದುಕೊಳ್ಳುವುದು. ಆ ಗಮನವೇ ಮನೆಯಲ್ಲಿ ಇಲ್ಲದಿದ್ದರೆ ಹಿಂದೆಗೆದುಕೊಳ್ಳಲು ಏನೂ ಉಳಿಯುವುದಿಲ್ಲ, ಮತ್ತು ಕುರ್ಚಿಯ ಮೇಲೆ ಕೂತ ಮಗುವಿಗೆ ನಷ್ಟವೂ ಆಗುವುದಿಲ್ಲ.

ಪ್ರತಿದಿನ ಐದು ನಿಮಿಷ, ಒಬ್ಬ ದೊಡ್ಡವರು, ಒಂದು ಮಗು, ಫೋನು ಕಣ್ಣಿಗೆ ಕಾಣದ ಕಡೆ. ಆಟಿಕೆ ಕಟ್ಟುವಂಥದ್ದು ಅಥವಾ ಬಿಡಿಸುವಂಥದ್ದಾಗಿರಲಿ: ಬ್ಲಾಕ್ಸ್, ಬಣ್ಣದ ಕಡ್ಡಿ, ಆಟದ ಅಡುಗೆ ಸಾಮಾನು, ಚಪಾತಿ ಹಿಟ್ಟಿನ ಉಂಡೆ. ಗೆಲುವು ಸೋಲಿರುವ ಆಟ, ಆಟದ ಬಂದೂಕು ಬೇಡ. ಏನು ಆಡಬೇಕೆಂಬುದನ್ನು ಮಗು ನಿರ್ಧರಿಸುತ್ತದೆ. ನೀವು ಮಾಡಬೇಕಾದದ್ದು ಮೂರೇ: ಮಗು ಮಾಡುತ್ತಿರುವುದನ್ನು ಹೇಳುವುದು ("ಕೆಂಪು ಬ್ಲಾಕಿನ ಮೇಲೆ ಹಳದಿ ಇಟ್ಟೆ"), ಮಗು ಆಡಿದ ಮಾತನ್ನು ತಿರುಗಿ ಹೇಳುವುದು ("ಹೌದು, ಇದು ಕಲ್ಯಾಣ ಲೋಕಲ್"), ಮೆಚ್ಚಿದ್ದನ್ನು ಹೆಸರಿಸಿ ಹೊಗಳುವುದು ("ಮೆತ್ತಗೆ ಇಟ್ಟೆ ನೋಡು, ಅದು ನನಗೆ ಬಹಳ ಇಷ್ಟವಾಯಿತು"). ಮಾಡಬಾರದ್ದೂ ಮೂರು: ಆಜ್ಞೆ, ಪ್ರಶ್ನೆ, ತಪ್ಪು ತೋರಿಸುವುದು.

ಪ್ರಶ್ನೆ ಬಿಡುವುದು ಎಲ್ಲಕ್ಕಿಂತ ಕಷ್ಟ. ನರ್ಸರಿ ಪ್ರವೇಶಕ್ಕೆಂದು ಮಗುವನ್ನು ತಯಾರು ಮಾಡಿದ ಮುಂಬಯಿಯ ತಂದೆತಾಯಿಗೆ ಬ್ಲಾಕು ಕಂಡೊಡನೆ "ಇದು ಯಾವ ಬಣ್ಣ? ಎಷ್ಟು ಇವೆ, ಎಣಿಸು" ಎಂಬ ಮಾತು ತಾನಾಗಿ ಬಾಯಿಗೆ ಬರುತ್ತದೆ. ಆ ಕ್ಷಣ ಆಟ ಪರೀಕ್ಷೆಯಾಗುತ್ತದೆ. ಐಬರ್ಗ್ ಅವರ ಪದ್ಧತಿಯಲ್ಲಿ ಮುಂದಿನ ಹಂತಕ್ಕೆ ಹೋಗಲು ಅಳತೆಯೊಂದಿದೆ: ಐದು ನಿಮಿಷದಲ್ಲಿ ಹೆಸರಿಸಿದ ಹೊಗಳಿಕೆ ಹತ್ತು, ತಿರುಗಿ ಹೇಳಿದ ಮಾತು ಹತ್ತು, ವರ್ಣನೆ ಹತ್ತು, ಮತ್ತು ಆಜ್ಞೆ, ಪ್ರಶ್ನೆ, ಟೀಕೆ ಮೂರೂ ಸೇರಿ ಮೂರನ್ನು ಮೀರಬಾರದು. ಫೋನಿನಲ್ಲಿ ದನಿ ಮುದ್ರಿಸಿಕೊಂಡು ರಾತ್ರಿ ಎಣಿಸಿ ನೋಡಿ. ಚಿನ್ನುವಿನ ತಾಯಿಯ ಮೊದಲ ಮುದ್ರಣದಲ್ಲಿ ಪ್ರಶ್ನೆಗಳೇ ಹತ್ತೊಂಬತ್ತಿದ್ದವು, ಹೊಗಳಿಕೆ ಎರಡು.

ಇಲ್ಲೊಂದು ಎಚ್ಚರಿಕೆ ಅಗತ್ಯ. "ಇವತ್ತು ಕಚ್ಚಿದೆ, ಆಟ ಇಲ್ಲ" ಎನ್ನಬೇಡಿ. ಈ ಐದು ನಿಮಿಷ ಬಹುಮಾನವಲ್ಲ, ಹಲ್ಲುಜ್ಜುವಂತೆ ದಿನಚರಿ. ಕೆಟ್ಟ ದಿನವೇ ಅದು ಹೆಚ್ಚು ಬೇಕಾಗುತ್ತದೆ.

3ನೆಯ ವಾರ: ಯಾವುದನ್ನು ನೋಡಬೇಕು, ಯಾವುದನ್ನು ನೋಡದಂತಿರಬೇಕು

ಆಟ ಮುಂದುವರಿಯಲಿ. ಅದರೊಂದಿಗೆ ಹೊಗಳಿಕೆಯನ್ನು ಆಟದ ಹೊರಗೂ ತನ್ನಿ. ಈ ವಾರ ಅಜ್ಜಿಯರಿಂದ ನಾನು ತಪ್ಪದೆ ಕೇಳುವ ಆಕ್ಷೇಪವೆಂದರೆ ಮಗುವನ್ನು ಅದರ ಎದುರಿಗೇ ಹೊಗಳಬಾರದು, ದೃಷ್ಟಿಯಾಗುತ್ತದೆ ಎಂಬುದು. ನಾನು ಅದನ್ನು ವಾದಿಸಿ ಗೆಲ್ಲಲು ಹೋಗುವುದಿಲ್ಲ. ನಮಗೆ ಬೇಕಾದದ್ದು ಮಗುವಿನ ಹೊಗಳಿಕೆಯಲ್ಲ, ಕೆಲಸದ ಹೊಗಳಿಕೆ. "ನಮ್ಮ ಚಿನ್ನು ಬಹಳ ಜಾಣ" ಎಂಬ ಮಾತಿನಿಂದ ಮಗುವಿಗೆ ತಾನೇನು ಮಾಡಿದರೆ ಅದು ಮತ್ತೆ ಸಿಗುತ್ತದೆಂದು ತಿಳಿಯುವುದಿಲ್ಲ. "ಕರೆದ ಕೂಡಲೇ ಬಂದಿ, ಚಲೋ ಆತು" ಎಂಬುದರಿಂದ ತಿಳಿಯುತ್ತದೆ. ಇಂಥ ಮಾತಿಗೆ ಯಾವ ಅಜ್ಜಿಯೂ ತಕರಾರು ತೆಗೆದದ್ದನ್ನು ನಾನು ಕಂಡಿಲ್ಲ.

ನೋಡದಂತಿರಬೇಕಾದದ್ದು ರಾಗ ಎಳೆಯುವುದು, ಮೂತಿ ತಿರುವುವುದು, ಎದುರುತ್ತರ, ನೆಲಕ್ಕೆ ಬಿದ್ದು ಹೊರಳುವುದು. ಹೊಡೆಯುವುದು, ಕಚ್ಚುವುದು, ಸಾಮಾನು ಒಡೆಯುವುದು, ಬಾಲ್ಕನಿಯ ಗ್ರಿಲ್ ಹತ್ತುವುದು ಈ ಪಟ್ಟಿಯಲ್ಲಿ ಇಲ್ಲ. ಅವನ್ನು ಕೂಡಲೇ ತಡೆಯಬೇಕು. ಉಪೇಕ್ಷೆ ಎಂದರೆ ಮುಖವನ್ನು ಬೇರೆಡೆ ತಿರುಗಿಸಿ, ಮಾತನಾಡದೆ, ಕೈಯಲ್ಲಿದ್ದ ಕೆಲಸ ಮುಂದುವರಿಸುವುದು. ಮತ್ತು ಮಗು ಉಸಿರು ತೆಗೆದುಕೊಳ್ಳಲು ನಿಂತ ಕ್ಷಣದಲ್ಲೇ ತಿರುಗಿ ಹಿತವಾಗಿ ಮಾತನಾಡಿಸುವುದು. ಎರಡನೆಯ ಅರ್ಧವನ್ನು ಮರೆತರೆ ಅದು ಬರಿಯ ಮುನಿಸು.

ಉಪೇಕ್ಷೆ ಆರಂಭಿಸಿದ ಮೊದಲ ದಿನಗಳಲ್ಲಿ ಕಿರುಚಾಟ ಕಡಿಮೆಯಾಗುವುದಿಲ್ಲ, ಏರುತ್ತದೆ. ನಿನ್ನೆಯವರೆಗೆ ನಡೆಯುತ್ತಿದ್ದ ಉಪಾಯ ಇವತ್ತು ನಡೆಯದಿದ್ದರೆ ಯಾರಾದರೂ ಅದನ್ನೇ ಇನ್ನಷ್ಟು ಜೋರಾಗಿ ಮಾಡುತ್ತಾರೆ. ಲಿಫ್ಟ್ ಬಾರದಿದ್ದಾಗ ನಾವು ಗುಂಡಿಯನ್ನು ಹತ್ತು ಸಲ ಒತ್ತುವುದಿಲ್ಲವೇ, ಹಾಗೆ. ಅಪಾಯವಿರುವುದು ಏರಿದ ಕಿರುಚಾಟಕ್ಕೆ ಇಪ್ಪತ್ತನೆಯ ನಿಮಿಷದಲ್ಲಿ ಮಣಿಯುವುದರಲ್ಲಿ, ಏಕೆಂದರೆ ಆಗ ಮಗು ಇಪ್ಪತ್ತು ನಿಮಿಷ ಕಿರುಚಬೇಕೆಂದು ಕಲಿಯುತ್ತದೆ. ನಮ್ಮ ಮನೆಗಳಲ್ಲಿ ಮಣಿಯುವುದಕ್ಕೆ ಮುಖ್ಯ ಕಾರಣ ಗೋಡೆಯಾಚೆಯ ನೆರೆಯವರು. ಆದ್ದರಿಂದ ಈ ವಾರ ಆರಂಭವಾಗುವ ಮುನ್ನವೇ ಪಕ್ಕದ ಮನೆಗೆ ಹೋಗಿ, ಒಂದೆರಡು ವಾರ ಸಂಜೆ ಅಳು ಕೇಳಬಹುದು, ಮಗುವಿಗೆ ಒಂದು ಅಭ್ಯಾಸ ಬಿಡಿಸುತ್ತಿದ್ದೇವೆ ಎಂದು ಹೇಳಿ ಬನ್ನಿ. ಮಣಿಯದೆ ಇರಲಾರೆವು ಎನಿಸುವ ವಿಷಯವನ್ನು ಉಪೇಕ್ಷೆಗೆ ಆರಿಸಿಕೊಳ್ಳಲೇಬೇಡಿ.

4ನೆಯ ವಾರ: ಆಜ್ಞೆಯನ್ನು ಕಲಿಯುವುದು

ನನ್ನ ಅನುಭವದಲ್ಲಿ ಅರ್ಧ ಜಗಳ ಈ ವಾರದಲ್ಲೇ ಕರಗುತ್ತದೆ, ಏಕೆಂದರೆ ನಾವು ಆಜ್ಞೆ ಎಂದುಕೊಂಡು ಆಡುವ ಮಾತುಗಳಲ್ಲಿ ಬಹಳಷ್ಟು ಆಜ್ಞೆಗಳೇ ಅಲ್ಲ. "ಊಟಕ್ಕೆ ಬರ್ತೀಯಾ?" ಎಂಬುದು ಪ್ರಶ್ನೆ, "ನಕೋ" ಎಂಬುದು ಅದಕ್ಕೆ ನ್ಯಾಯವಾದ ಉತ್ತರ. "ಆಟಿಕೆ ಎತ್ತಿಡೋಣ" ಎಂದಾಗ ಯಾರು ಎತ್ತಬೇಕೆಂಬುದು ತಿಳಿಯದು, ಕೊನೆಗೆ ತಾಯಿಯೇ ಎತ್ತುತ್ತಾಳೆ. "ಸರಿಯಾಗಿ ಇರು", "ಒಳ್ಳೆ ಹುಡುಗನ ಹಾಗೆ ಮಾಡು" ಎಂಬುವುಗಳಲ್ಲಿ ಮಾಡಬೇಕಾದ ಕೆಲಸವೇ ಇಲ್ಲ. "ಓಡಬೇಡ", "ಮುಟ್ಟಬೇಡ", "ಕೂಗಬೇಡ" ಎಂಬುವು ಏನು ಮಾಡಬಾರದೆಂದು ಹೇಳುತ್ತವೆ. ಬದಲಿಗೆ ಏನು ಮಾಡಬೇಕೆಂಬುದನ್ನು ಮಗು ಊಹಿಸಬೇಕಾಗುತ್ತದೆ. "ನನ್ನ ಕೈ ಹಿಡಿದು ನಡೆ" ಎಂದರೆ ಊಹೆ ಬೇಕಿಲ್ಲ. ಇನ್ನು "ಬಾಗಿಲು ಹಾಕಿ, ಕೈ ತೊಳೆದು, ಚಪ್ಪಲಿ ಒಳಗಿಟ್ಟು ಬಾ" ಎಂಬ ಸರಪಳಿಯಲ್ಲಿ ನಾಲ್ಕು ವರ್ಷದ ಮಗುವಿಗೆ ನೆನಪುಳಿಯುವುದು ಒಂದೋ ಎರಡೋ.

ಸರಿಯಾದ ಆಜ್ಞೆಯ ಕ್ರಮ ಹೀಗಿದೆ. ಮೊದಲು ಮಗುವಿನ ಹತ್ತಿರ, ಕೈಯಳತೆಯಲ್ಲಿ ಹೋಗಿ ಕೂರಿ; ಅಡುಗೆಮನೆಯಿಂದ ಕೂಗಿದ ಮಾತನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕಾರಣ ಹೇಳುವುದಿದ್ದರೆ ಮುಂಚೆಯೇ ಹೇಳಿ: "ಊಟದ ಹೊತ್ತಾಯಿತು." ಹೆಸರು ಹಿಡಿದು, ಕಣ್ಣು ನೋಡಿ, ಒಂದೇ ಕೆಲಸವನ್ನು ಸಾಧಾರಣ ದನಿಯಲ್ಲಿ ಹೇಳಿ: "ಚಿನ್ನು, ಫೋನನ್ನು ನನ್ನ ಕೈಗೆ ಕೊಡು." ಆಮೇಲೆ ಮನಸ್ಸಿನಲ್ಲಿ ಐದು ಎಣಿಸುತ್ತ ಬಾಯಿ ಮುಚ್ಚಿಕೊಂಡಿರಿ. ಈ ಐದು ಸೆಕೆಂಡಿನಲ್ಲಿ ಇನ್ನೊಂದು ಮಾತು, ಇನ್ನೊಂದು ಭಾಷೆ, ಇನ್ನೊಬ್ಬ ಹಿರಿಯರ ದನಿ ಸೇರಬಾರದು. ಕೊಟ್ಟರೆ ಕೂಡಲೇ ಹೊಗಳಿ: "ಹೇಳಿದ ಕೂಡಲೇ ಕೊಟ್ಟೆ." ಕಾರಣವನ್ನು ಆಜ್ಞೆಯ ನಂತರ ಹೇಳಿದರೆ ಮಗು ಅದನ್ನು ಚರ್ಚೆಗೆ ಆಹ್ವಾನವೆಂದು ತಿಳಿಯುತ್ತದೆ, ಮತ್ತು ಚರ್ಚೆ ನಡೆಯುವಷ್ಟು ಹೊತ್ತೂ ಫೋನು ಅದರ ಕೈಯಲ್ಲೇ ಇರುತ್ತದೆ.

ಆಜ್ಞೆಗಾಗಿ ಒಂದು ಭಾಷೆಯನ್ನು ಗೊತ್ತುಮಾಡಿಕೊಳ್ಳಿ. ಕಥೆ, ಮಾತು, ಹಾಡು ಯಾವುದರಲ್ಲಾದರೂ ಇರಲಿ. ಚಿನ್ನುವಿನ ಮನೆಯಲ್ಲಿ ಹಿಂದಿ ಮತ್ತು ಇಂಗ್ಲಿಷ್ ಸಿಟ್ಟಿನ ಗುರುತುಗಳಾಗಿದ್ದವು. ಭಾಷೆ ಬದಲಾಗುವವರೆಗೆ ಅಮ್ಮನಿಗೆ ಸಿಟ್ಟು ಬಂದಿಲ್ಲ ಎಂದು ಅವನು ಕಾಯುತ್ತಿದ್ದ. ಆಜ್ಞೆಗಳೆಲ್ಲ ಕನ್ನಡದಲ್ಲೇ, ಒಂದೇ ಸಲ ಎಂದು ಮೂವರೂ ಒಪ್ಪಿದ ಮೇಲೆ ಆ ಕಾಯುವಿಕೆಗೆ ಅರ್ಥ ಉಳಿಯಲಿಲ್ಲ.

ಅಭ್ಯಾಸವನ್ನು ಜಗಳದ ವಿಷಯದಿಂದ ಆರಂಭಿಸಬೇಡಿ. "ಆ ಚಮಚ ಕೊಡು", "ಲೈಟ್ ಹಾಕು" ಎಂಬಂಥ, ಮಗು ಒಪ್ಪುವ ಸಣ್ಣ ಆಜ್ಞೆಗಳನ್ನು ದಿನಕ್ಕೆ ಹತ್ತು ಕೊಟ್ಟು ಹತ್ತಕ್ಕೂ ಹೊಗಳಿ. ಮತ್ತು ನಡೆಸಿಕೊಳ್ಳಲು ನಿಮಗೆ ಪುರುಸೊತ್ತಿಲ್ಲದ ಆಜ್ಞೆಯನ್ನು ಕೊಡಲೇಬೇಡಿ. ಬೆಳಿಗ್ಗೆ ಲೋಕಲ್ ತಪ್ಪುವ ಹೊತ್ತಿನಲ್ಲಿ ನೀವೇ ಶೂ ಹಾಕಿಸಿ ಹೊರಡುವುದು ಸೋಲಲ್ಲ.

ಊಟದ ಬಗ್ಗೆ ಒಂದು ಮಾತು. ಕೂರು ಎನ್ನಬಹುದು, ತಿನ್ನು ಎನ್ನಬಾರದು. ಮಗುವಿನ ಬಾಯಿ, ನಿದ್ದೆ, ಶೌಚ ಇವು ಆಜ್ಞೆಯಿಂದ ನಡೆಯುವ ಕೆಲಸಗಳಲ್ಲ. ಇವುಗಳಲ್ಲಿ ಹಟ ಹೂಡಿದ ದೊಡ್ಡವರು ಗೆದ್ದದ್ದನ್ನು ನಾನು ನೋಡಿಲ್ಲ.

5 ಮತ್ತು 6ನೆಯ ವಾರ: ಎಚ್ಚರಿಕೆ ಮತ್ತು ಕುರ್ಚಿ

ಐದನೆಯ ವಾರ ಕುರ್ಚಿಯ ತಾಲೀಮು ಮಾತ್ರ. ಮಗು ಪ್ರಸನ್ನವಾಗಿರುವಾಗ ಕರಡಿ ಗೊಂಬೆಯನ್ನು ಮಾತು ಕೇಳದವನನ್ನಾಗಿ ಮಾಡಿ, ಕುರ್ಚಿಯ ಮೇಲೆ ಕೂರಿಸಿ, ಏನೇನು ಆಗುತ್ತದೆಂದು ತೋರಿಸಿ. ಆಮೇಲೆ ಮಗುವೂ ಒಮ್ಮೆ ಕೂತು ಎದ್ದು ನೋಡಲಿ. ಜಾಗವನ್ನೂ ಈಗಲೇ ಗೊತ್ತುಮಾಡಿ. ಸಣ್ಣ ಫ್ಲ್ಯಾಟಿನಲ್ಲಿ ಹಾಲ್ ಮತ್ತು ಮಲಗುವ ಕೋಣೆಯ ನಡುವಿನ ಪ್ಯಾಸೇಜು ಒಳ್ಳೆಯದು: ಟಿವಿ ಕಾಣಬಾರದು, ಕೈಗೆ ಏನೂ ಸಿಗಬಾರದು, ಆದರೆ ನಿಮಗೆ ಮಗು ಕಾಣುತ್ತಿರಬೇಕು. ಬಚ್ಚಲುಮನೆ, ಬಾಲ್ಕನಿ, ಒಲೆಯಿರುವ ಅಡುಗೆಮನೆ, ಕತ್ತಲೆ ಕೋಣೆ, ಹೊರಗೆ ನಿಲ್ಲಿಸಿ ಬಾಗಿಲು ಹಾಕುವುದು ಇವು ಟೈಮ್ ಔಟ್ ಅಲ್ಲ, ಹೆದರಿಕೆ.

ಆರನೆಯ ವಾರ ಅದನ್ನು ಒಂದೇ ಒಂದು ವಿಷಯಕ್ಕೆ ಬಳಸಿ. ಕ್ರಮ ಹೀಗೆ:

1. ಆಜ್ಞೆ ಒಂದು ಸಲ. ಐದು ಸೆಕೆಂಡು ಮೌನ.
2. ಎಚ್ಚರಿಕೆ ಒಂದು ಸಲ: "ಫೋನು ಕೊಡದಿದ್ದರೆ ಕುರ್ಚಿಯ ಮೇಲೆ ಕೂರಬೇಕಾಗುತ್ತದೆ." ಮತ್ತೆ ಐದು ಸೆಕೆಂಡು. ಈಗ ಕೊಟ್ಟರೆ ಮೊದಲ ಸಲಕ್ಕೆ ಕೊಟ್ಟಷ್ಟೇ ಸಂತೋಷದಿಂದ ಹೊಗಳಿ; "ಮೊದಲೇ ಕೊಡಬಾರದಿತ್ತಾ" ಎಂಬ ಮಾತು ಬೇಡ.
3. ಕೊಡದಿದ್ದರೆ "ನೀನು ಫೋನು ಕೊಡಲಿಲ್ಲ, ಕುರ್ಚಿಯ ಮೇಲೆ ಕೂರಬೇಕು" ಎಂದಷ್ಟೇ ಹೇಳಿ ಕರೆದೊಯ್ಯಿರಿ. ದಾರಿಯಲ್ಲಿ ಬೈಗುಳ, ಉಪದೇಶ, ಚೌಕಾಸಿ ಯಾವುದೂ ಇಲ್ಲ.
4. ಮೂರು ನಿಮಿಷ, ಅದರ ಕೊನೆಗೆ ಐದು ಸೆಕೆಂಡು ನಿಶ್ಶಬ್ದ. ಟೈಮರು ನಿಮ್ಮ ಕೈಯಲ್ಲಿರಲಿ. ಈ ಹೊತ್ತಿನಲ್ಲಿ ಮನೆಯಲ್ಲಿ ಯಾರೂ ಮಗುವಿನೊಂದಿಗೆ ಮಾತನಾಡಬಾರದು, ಮುದ್ದು ಮಾಡಲಿಕ್ಕೂ ಗದರಿಸಲಿಕ್ಕೂ.
5. ಆಮೇಲೆ ಅದೇ ಆಜ್ಞೆಗೆ ಮರಳಿ: "ಈಗ ಫೋನು ಕೊಡುತ್ತೀಯಾ?" ಎಂದು ಕೇಳಿ, ಒಪ್ಪಿದರೆ ಕೊಡಿಸಿಕೊಳ್ಳಿ. ಒಪ್ಪದಿದ್ದರೆ ಮತ್ತೆ ಮೂರು ನಿಮಿಷ.

ಐದನೆಯದನ್ನು ಮರೆಯುವುದೇ ಅತಿ ಸಾಮಾನ್ಯ ತಪ್ಪು. ಆಟಿಕೆ ಎತ್ತಿಡು ಎಂದಾಗ ಮಗು ಕುರ್ಚಿಯ ಮೇಲೆ ಮೂರು ನಿಮಿಷ ಕೂತು ಎದ್ದು ಬಂದು, ಅಷ್ಟರಲ್ಲಿ ಅಜ್ಜಿ ಆಟಿಕೆ ಎತ್ತಿಟ್ಟಿದ್ದರೆ, ಮೂರು ನಿಮಿಷದ ಬೆಲೆಗೆ ಕೆಲಸ ತಪ್ಪಿಸಿಕೊಳ್ಳಬಹುದೆಂದು ಮಗು ಕಲಿಯಿತು. ಅಂಥ ಮಗು ಕುರ್ಚಿಯ ಹೆಸರೆತ್ತಿದರೆ ತಾನೇ ಓಡಿಹೋಗಿ ಕೂರುತ್ತದೆ, ಅದೇ ಗುರುತು.

ಕುರ್ಚಿಯಿಂದ ಎದ್ದು ಓಡಿದರೆ ಮಾತಿಲ್ಲದೆ ಕರೆತಂದು ಕೂರಿಸಿ, ಸಮಯವನ್ನು ಮೊದಲಿನಿಂದ ಎಣಿಸಿ. ಕೈಕಾಲು ಹಿಡಿದು ಕೂರಿಸುವುದು, ಕಟ್ಟುವುದು, ಹೊಡೆಯುವುದು ಕೂಡದು. ನಾಲ್ಕೈದು ಸಲ ಕರೆತಂದರೂ ನಿಲ್ಲದಿದ್ದರೆ, ತಜ್ಞರು ಜೊತೆಗಿಲ್ಲದ ಮನೆಯಲ್ಲಿ ಆ ಎಳೆದಾಟವನ್ನು ಮುಂದುವರಿಸದಿರುವುದೇ ಮೇಲೆಂದು ನನ್ನ ಅಭಿಪ್ರಾಯ. ಅದರ ಬದಲು "ಕುರ್ಚಿಯ ಮೇಲೆ ಕೂರದಿದ್ದರೆ ಇವತ್ತು ಇನ್ನು ಫೋನಿಲ್ಲ" ಎಂದು ಒಮ್ಮೆ ಹೇಳಿ ಹಾಗೆಯೇ ನಡೆದುಕೊಳ್ಳಿ. ಶಿಕ್ಷೆ ಆ ದಿನಕ್ಕೇ ಮುಗಿಯಲಿ. ಒಂದು ವಾರದ ನಿಷೇಧ ನಾಲ್ಕು ವರ್ಷದ ಮಗುವಿನ ಲೆಕ್ಕಕ್ಕೆ ಸಿಗುವುದಿಲ್ಲ, ನಿಮ್ಮಿಂದ ಪಾಲಿಸಲೂ ಆಗುವುದಿಲ್ಲ.

ಚಿನ್ನುವಿನ ಮನೆಯ ಮೊದಲ ಸಂಜೆ ಹೀಗೆ ನಡೆಯಿತು. 7.55ಕ್ಕೆ ತಾಯಿ ಹತ್ತಿರ ಕೂತು "ಟೈಮರು ಹೊಡೆದಾಗ ಫೋನು ಕೊಡಬೇಕು" ಎಂದು ಐದು ನಿಮಿಷ ಮುಂಚಿತವಾಗಿ ತಿಳಿಸಿದಳು. ಎಂಟಕ್ಕೆ ಆಜ್ಞೆ. ಅವನು ಫೋನನ್ನು ಎದೆಗೊತ್ತಿಕೊಂಡು ಬೆನ್ನು ತಿರುಗಿಸಿದ. ಎಚ್ಚರಿಕೆ ಕೊಟ್ಟಾಗ ಅಜ್ಜಿಯ ಕಡೆ ನೋಡಿದ. ಅಜ್ಜಿ ಮೊದಲೇ ಒಪ್ಪಿದ್ದಂತೆ ಎದ್ದು ದೇವರ ದೀಪಕ್ಕೆ ಎಣ್ಣೆ ಹಾಕಲು ಹೋದರು. ಕುರ್ಚಿಯಿಂದ ಮೂರು ಸಲ ಇಳಿದು ಓಡಿದ, ನಾಲ್ಕನೆಯ ಸಲ ಅಳುತ್ತ ಕೂತ. ಮೂರು ನಿಮಿಷ ಮುಗಿದಾಗಲೂ ಅಳುತ್ತಿದ್ದ, ಆದ್ದರಿಂದ ಐದು ಸೆಕೆಂಡಿನ ನಿಶ್ಶಬ್ದಕ್ಕೆ ಇನ್ನೂ ಆರು ನಿಮಿಷ ಕಾಯಬೇಕಾಯಿತು. ಫೋನು ಕೊಟ್ಟಾಗ ಗಂಟೆ 8.17. ತಾಯಿ ಹೊಗಳಿದಳು, ಊಟಕ್ಕೆ ಕೂರಿಸಿದಳು. ಅವನು ಅರ್ಧ ಚಪಾತಿ ಉಂಡ, ಯಾರೂ ಒತ್ತಾಯಿಸಲಿಲ್ಲ. ಎರಡನೆಯ ಸಂಜೆ ಮೊದಲಿನದಕ್ಕಿಂತ ಕೆಟ್ಟದಾಗಿತ್ತು. ಆರನೆಯ ಸಂಜೆ ಎಚ್ಚರಿಕೆಗೇ ಕೊಟ್ಟ. ಅರ್ಧ ಊಟದ ಚಿಂತೆ ಅಜ್ಜಿಗೆ ಹತ್ತು ದಿನ ಇತ್ತು, ಆಮೇಲೆ ಹಸಿವು ತನ್ನ ಹೊತ್ತಿಗೆ ಬಂದಿತು.

ಆಜ್ಞೆ ಕೊಟ್ಟವರೇ ಅದನ್ನು ಮುಗಿಸಬೇಕು. ನಡುವೆ ತಂದೆ ಬಾಗಿಲು ತೆರೆದು ಒಳಬಂದರೆ ಅವನು ನೇರ ಒಳಗೆ ಹೋಗಿ ಕೈಕಾಲು ತೊಳೆದುಕೊಳ್ಳಲಿ, ತೀರ್ಪು ಕೊಡಲು ನಿಲ್ಲುವುದು ಬೇಡ. ಹೆದರಿ ಅಳುವ, ಜ್ವರ ಬಂದ, ನಿದ್ದೆಗೆಟ್ಟ, ಚಡ್ಡಿ ಒದ್ದೆ ಮಾಡಿಕೊಂಡ ಮಗುವಿಗೆ ಕುರ್ಚಿ ಎಂದಿಗೂ ಅಲ್ಲ.

7ನೆಯ ವಾರ: ಮನೆಯ ಹೊರಗೆ

ಮನೆಯಲ್ಲಿ ದಿನಕ್ಕೊಂದು ಕುರ್ಚಿಯೂ ಬೇಕಾಗದ ಸ್ಥಿತಿ ಬಂದ ಮೇಲಷ್ಟೇ ಇದು. ಅಂಗಡಿ, ಲೋಕಲ್, ಗಣಪತಿ ಹಬ್ಬಕ್ಕೆ ಬಂಧುಗಳ ಮನೆ, ಎಲ್ಲಕ್ಕೂ ಒಂದೇ ವಿಧಾನ: ಬಾಗಿಲ ಹೊರಗೆ ನಿಂತು ಎರಡು ನಿಯಮ ಹೇಳಿ, ಮಗುವಿನಿಂದ ತಿರುಗಿ ಹೇಳಿಸಿ, ಒಳಗೆ ಮಾಡಲು ಒಂದು ಕೆಲಸ ಕೊಡಿ, ಪ್ರತಿ ಎರಡು ಮೂರು ನಿಮಿಷಕ್ಕೊಮ್ಮೆ ಹೊಗಳಿ. ಮೊದಲ ಸಲ ಹತ್ತು ನಿಮಿಷದಲ್ಲಿ ಮುಗಿಯುವ, ಸಾಮಾನು ತರದೆ ಬಂದರೂ ನಡೆಯುವ ಅಂಗಡಿಗೆ ಹೋಗಿ. ಲೋಕಲಿನ ದಟ್ಟಣೆ ಇದಕ್ಕೆ ತಕ್ಕ ಜಾಗವಲ್ಲ. ಅಲ್ಲಿ ಸುರಕ್ಷತೆಯಷ್ಟೇ ನೋಡಿ.

8ನೆಯ ವಾರ: ಮೊದಲ ಪುಟಕ್ಕೆ ಮರಳಿ

ಮೊದಲ ವಾರದ ಮೂರು ಸಾಲಿನ ದಾಖಲೆಯನ್ನು ಈಗ ಮತ್ತೆ ಏಳು ದಿನ ಬರೆದು ಪಕ್ಕಪಕ್ಕ ಇಟ್ಟು ನೋಡಿ. ಒಂದು ಕೆಲಸಕ್ಕೆ ಎಷ್ಟು ಸಲ ಹೇಳಿದಿರಿ ಮತ್ತು ಮೂರನೆಯ ಸಾಲಿನಲ್ಲಿ ಏನಿದೆ, ಈ ಎರಡನ್ನೇ ಹೋಲಿಸಿ. ಚಿನ್ನುವಿನ ಮನೆಯಲ್ಲಿ ಹನ್ನೊಂದು ಕರೆ ಎರಡಕ್ಕೆ ಇಳಿದಿತ್ತು. ಕಚ್ಚುವುದು ನಿಂತಿತ್ತು. "ನಕೋ" ಉಳಿದಿತ್ತು, ಅದು ಉಳಿಯಬಹುದು.

ಬೇಸಿಗೆ ರಜೆಗೆ ಊರಿಗೆ ಹೋಗಿ ತಿಂಗಳು ಕಳೆದು ಬಂದ ಮೇಲೆ ಎಲ್ಲವೂ ಮೊದಲಿನಂತಾಯಿತೆಂದು ಜೂನ್‌ನಲ್ಲಿ ಹಲವರು ಹೇಳುತ್ತಾರೆ. ಆಗ ಕುರ್ಚಿಯಿಂದ ಆರಂಭಿಸದೆ, ಎರಡು ವಾರ ಆಟ ಮತ್ತು ಹೊಗಳಿಕೆಯಿಂದಲೇ ಮತ್ತೆ ಆರಂಭಿಸಿ. ಎರಡನೆಯ ಸಲ ಎಂಟು ವಾರ ಬೇಕಾಗುವುದಿಲ್ಲ.

ಆದರೆ ದಾಖಲೆಯಲ್ಲಿ ಏನೂ ಬದಲಾಗದಿದ್ದರೆ, ಮಗು ತನಗೋ ಇತರರಿಗೋ ಗಾಯ ಮಾಡುತ್ತಿದ್ದರೆ, ಮಾತು ವಯಸ್ಸಿಗೆ ತಕ್ಕಂತಿಲ್ಲದಿದ್ದರೆ, ಶಾಲೆಯಲ್ಲೂ ಒಂದೆಡೆ ಕೂರಲಾರದೆ ಇದ್ದರೆ, ಅಥವಾ ಮನೆಯಲ್ಲಿ ದೊಡ್ಡವರ ನಡುವೆಯೇ ಹೊಡೆದಾಟವಿದ್ದರೆ ಈ ಕ್ರಮವನ್ನು ಒಬ್ಬರೇ ಮುಂದುವರಿಸಬೇಡಿ. ಮುಂಬಯಿಯಲ್ಲಿ ಪರೇಲಿನ ಕೆಇಎಂ, ಸಯನ್, ನಾಯರ್ ಆಸ್ಪತ್ರೆಗಳಲ್ಲಿ, ಪುಣೆಯಲ್ಲಿ ಸಸೂನ್ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗಗಳಿವೆ. ಗೋವಾದವರಿಗೆ ಬಾಂಬೋಳಿಯ ಮನೋವೈದ್ಯಕೀಯ ಸಂಸ್ಥೆಯಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಗೆ ಉಚಿತವಾಗಿ ಕರೆ ಮಾಡಬಹುದು. ಆಸ್ಪತ್ರೆಗೆ ಹೋಗುವಾಗ ನೋಟ್‌ಬುಕ್ಕಿನ ಮೊದಲ ವಾರದ ಪುಟಗಳನ್ನು ಮತ್ತು ಆಟದ ಐದು ನಿಮಿಷದ ಮುದ್ರಣವನ್ನು ಜೊತೆಗೆ ಒಯ್ಯಿರಿ. "ಮಾತು ಕೇಳುವುದಿಲ್ಲ" ಎಂಬ ದೂರಿಗಿಂತ ಆ ಮೂರು ಸಾಲುಗಳಿಂದ ವೈದ್ಯರಿಗೆ ಹೆಚ್ಚು ತಿಳಿಯುತ್ತದೆ.